ಹ್ಯಾಂಗ್ ಆದ ಎಸ್‌ಎಸ್‌ಎಚ್‌ಗೆ ಎಂಟರ್, ಟಿಲ್ಡೆ, ಚುಕ್ಕಿ

ದೂರದ ಲಿನಕ್ಸ್ ಯಂತ್ರಕ್ಕೆ ಎಸ್‌ಎಸ್‌ಎಚ್ ಮೂಲಕ ಲಾಗಿನ್ ಆಗಿರುವಾಗ ನಡುವಿನ ಸಂಪರ್ಕ ಸತ್ತುಹೋದರೆ ಟರ್ಮಿನಲ್ ಕಿಟಕಿ ಇದ್ದಲ್ಲೇ ನಿಂತುಬಿಡುತ್ತದೆ. ಒತ್ತಿದ ಅಕ್ಷರ ಪರದೆಯ ಮೇಲೆ ಮೂಡುವುದಿಲ್ಲ, ಕಂಟ್ರೋಲ್-ಸಿ ಒತ್ತಿದರೂ ಏನೂ ಆಗುವುದಿಲ್ಲ, ಕಂಟ್ರೋಲ್-ಡಿಯೂ ಅಷ್ಟೇ. ಹೆಚ್ಚಿನವರು ಆಗ ಕಿಟಕಿಯನ್ನೇ ಮುಚ್ಚಿಬಿಡುತ್ತಾರೆ. ಅದರೊಂದಿಗೆ ಆವರೆಗೆ ಪರದೆಯಲ್ಲಿ ಹರಿದುಹೋದ ಸಾಲುಗಳೂ, ಎಸ್‌ಎಸ್‌ಎಚ್‌ಗೆ ಮುಂಚೆ ಅದೇ ಕಿಟಕಿಯಲ್ಲಿ ನಡೆಸುತ್ತಿದ್ದ ಕೆಲಸವೂ ಹೋಗುತ್ತವೆ. ಅಷ್ಟು ಕಳೆದುಕೊಳ್ಳಬೇಕಾಗಿಲ್ಲ. ಎಂಟರ್, ಟಿಲ್ಡೆ, ಚುಕ್ಕಿ ಈ ಮೂರನ್ನೂ ಒಂದರ ಹಿಂದೊಂದು ಒತ್ತಿದರೆ ಎಸ್‌ಎಸ್‌ಎಚ್ ಮಾತ್ರ ಮುಗಿದು, ಕಿಟಕಿಯಲ್ಲಿ ಸ್ಥಳೀಯ ಶೆಲ್‌ನ ಪ್ರಾಂಪ್ಟ್ ಮತ್ತೆ ಕಾಣಿಸಿಕೊಳ್ಳುತ್ತದೆ.

ಪರದೆಯ ಮೇಲೆ ಕಾಣುವುದು ಇಷ್ಟೇ:

```
~.
Connection to 203.0.113.10 closed.
```

ನಿಂತುಹೋದ ಸೆಷನ್‌ನಲ್ಲಿ ಈ ಮೂರು ಕೀಲಿಗಳು ಕೆಲಸ ಮಾಡುತ್ತವೆ, ಕಂಟ್ರೋಲ್-ಸಿ ಮಾಡುವುದಿಲ್ಲ. ಕಾರಣ ತಿಳಿಯಬೇಕಾದರೆ ಟರ್ಮಿನಲ್‌ನ ವ್ಯವಸ್ಥೆಯನ್ನು ಸ್ವಲ್ಪ ನೋಡಬೇಕು. ಸಾಮಾನ್ಯವಾಗಿ ಕಂಟ್ರೋಲ್-ಸಿ ಒತ್ತಿದಾಗ ಅದನ್ನು ಮೊದಲು ಗಮನಿಸುವುದು ಬಳಕೆದಾರರ ಯಂತ್ರದಲ್ಲಿರುವ ಕರ್ನಲ್. ಅದು ಆ ಕೀಲಿಯನ್ನು ಅಕ್ಷರವೆಂದು ಎಣಿಸದೆ, ಓಡುತ್ತಿರುವ ಪ್ರೋಗ್ರಾಂಗೆ ನಿಲ್ಲುವ ಸಂಕೇತ ಕಳಿಸುತ್ತದೆ. ಆದರೆ ಎಸ್‌ಎಸ್‌ಎಚ್ ಸೆಷನ್ ಶುರುವಾದ ಕೂಡಲೇ `ssh` ಪ್ರೋಗ್ರಾಂ ಸ್ಥಳೀಯ ಟರ್ಮಿನಲ್ ಅನ್ನು ರಾ ಮೋಡ್‌ಗೆ ಹಾಕುತ್ತದೆ. ಆಮೇಲೆ ಕರ್ನಲ್ ಯಾವ ಕೀಲಿಗೂ ಅರ್ಥ ಹಚ್ಚಲು ಹೋಗುವುದಿಲ್ಲ. ಕಂಟ್ರೋಲ್-ಸಿ ಎಂಬುದು 3 ಎಂಬ ಸಂಖ್ಯೆಯ ಒಂದು ಬೈಟ್ ಆಗಿ, ಮಿಕ್ಕ ಅಕ್ಷರಗಳ ಹಾಗೆಯೇ ಗೂಢಲಿಪಿಗೆ ಬದಲಾಗಿ ಸರ್ವರ್ ಕಡೆಗೆ ಹೊರಡುತ್ತದೆ. ಅದರ ಅರ್ಥ ಬಿಡಿಸುವುದು ಸರ್ವರ್‌ನಲ್ಲಿರುವ ಟರ್ಮಿನಲ್. ಈ ಏರ್ಪಾಡು ಬೇಕೇ ಬೇಕು. ಇಲ್ಲದಿದ್ದರೆ ಸರ್ವರ್‌ನಲ್ಲಿ ಓಡುತ್ತಿರುವ ಕಮಾಂಡ್ ಒಂದನ್ನು ನಿಲ್ಲಿಸಲು ಕಂಟ್ರೋಲ್-ಸಿ ಒತ್ತಿದಾಗಲೆಲ್ಲ ಎಸ್‌ಎಸ್‌ಎಚ್ ಸಂಪರ್ಕವೇ ಕಡಿದುಹೋಗುತ್ತಿತ್ತು. ಆದರೆ ದಾರಿ ಮುಚ್ಚಿದಾಗ ಇದೇ ಏರ್ಪಾಡು ತೊಡಕಾಗುತ್ತದೆ: ನಿಲ್ಲಿಸು ಎಂಬ ಮಾತು ತಲುಪಬೇಕಾದ ಜಾಗಕ್ಕೆ ತಲುಪುವುದೇ ಇಲ್ಲ. ಪರದೆಯಲ್ಲಿ ಅಕ್ಷರ ಮೂಡದಿರುವುದಕ್ಕೂ ಇದೇ ಕಾರಣ. ಎಸ್‌ಎಸ್‌ಎಚ್‌ನಲ್ಲಿ ಟೈಪ್ ಮಾಡಿದ್ದು ಕಾಣುವುದು ಸರ್ವರ್ ಅದನ್ನು ಮರಳಿ ಕಳಿಸಿದ ಮೇಲೆಯೇ.

ಸಂಪರ್ಕ ಸತ್ತ ಸಂಗತಿ `ssh` ಪ್ರೋಗ್ರಾಂಗೇ ಯಾಕೆ ಗೊತ್ತಾಗುವುದಿಲ್ಲ ಎಂಬುದಕ್ಕೆ ಉತ್ತರ ಟಿಸಿಪಿಯಲ್ಲಿದೆ. ಲ್ಯಾಪ್‌ಟಾಪ್ ಒಂದು ಆಫೀಸಿನ ವೈ-ಫೈನಲ್ಲಿ 192.168.1.23 ಎಂಬ ವಿಳಾಸದಲ್ಲಿದ್ದು, 51514 ಪೋರ್ಟ್‌ನಿಂದ 203.0.113.10 ಎಂಬ ಸರ್ವರ್‌ನ 22ನೇ ಪೋರ್ಟ್‌ಗೆ ಸೇರಿಕೊಂಡಿದೆ ಎಂದಿಟ್ಟುಕೊಳ್ಳಬಹುದು. ಟಿಸಿಪಿ ಸಂಪರ್ಕದ ಗುರುತು ಈ ನಾಲ್ಕು ಸಂಖ್ಯೆಗಳೇ. ಸಂಜೆ ಲ್ಯಾಪ್‌ಟಾಪ್ ಮುಚ್ಚಿ, ಮನೆಗೆ ಬಂದು ತೆರೆದಾಗ ಅದಕ್ಕೆ ಬೇರೆ ವಿಳಾಸ ಸಿಕ್ಕಿರುತ್ತದೆ. ಹಳೆಯ ನಾಲ್ಕರಲ್ಲಿ ಒಂದು ಕಳಚಿಹೋಗಿದೆ, ಆದರೂ ಅದನ್ನು ಯಾರೂ ಯಾರಿಗೂ ತಿಳಿಸಿಲ್ಲ. ವಿಳಾಸ ಬದಲಾಗದೆಯೂ ಹೀಗಾಗಬಹುದು. ನಡುವಿನ ರೂಟರ್ ಅಥವಾ ಫೈರ್‌ವಾಲ್ ತನ್ನ ಮೂಲಕ ಹಾದುಹೋಗುವ ಸಂಪರ್ಕಗಳ ಪಟ್ಟಿ ಇಟ್ಟುಕೊಂಡಿರುತ್ತದೆ. ಕೆಲವು ನಿಮಿಷ ಯಾವ ಪ್ಯಾಕೆಟ್ಟೂ ಹಾಯದಿದ್ದರೆ ಆ ಸಾಲನ್ನು ಅಳಿಸಿಹಾಕುತ್ತದೆ. ಊಟಕ್ಕೆ ಎದ್ದುಹೋಗಿ ಬಂದವರ ಸೆಷನ್ ನಿಂತುಹೋಗಿರುವುದು ಹೆಚ್ಚಾಗಿ ಇದರಿಂದಲೇ.

ಟಿಸಿಪಿಯ ಸ್ವಭಾವವೇ ತಾಳ್ಮೆ. ಕಳಿಸಿದ ಬೈಟ್‌ಗೆ ಸ್ವೀಕೃತಿ ಬಾರದಿದ್ದರೆ ಅದು ಮತ್ತೆ ಕಳಿಸುತ್ತದೆ. ಮೊದಲು ಒಂದು ಸೆಕೆಂಡಿಗಿಂತ ಕಡಿಮೆ ಕಾದು, ಆಮೇಲೆ ಪ್ರತಿ ಸಲವೂ ಅದರ ಎರಡರಷ್ಟು ಕಾಯುತ್ತ, ಕೊನೆಗೆ ಎರಡು ನಿಮಿಷಕ್ಕೊಮ್ಮೆ ಪ್ರಯತ್ನಿಸುತ್ತದೆ. ಲಿನಕ್ಸ್‌ನಲ್ಲಿ ಇದನ್ನು ನಿಯಂತ್ರಿಸುವ `tcp_retries2` ಎಂಬ ಅಂಕಿ ಮೊದಲಿಗೆ 15 ಇರುತ್ತದೆ. ಕರ್ನಲ್‌ನ ದಾಖಲೆಯ ಪ್ರಕಾರ ಆ ಲೆಕ್ಕದಲ್ಲಿ ಕೈಬಿಡಲು ಕನಿಷ್ಠ 924.6 ಸೆಕೆಂಡು, ಅಂದರೆ ಹದಿನೈದು ನಿಮಿಷಕ್ಕೂ ಹೆಚ್ಚು ಬೇಕು. ಇದು ಕೀಲಿ ಒತ್ತಿ ಏನಾದರೂ ಕಳಿಸಿದ್ದರೆ ಮಾತ್ರ. ಏನೂ ಒತ್ತದೆ ಸುಮ್ಮನಿದ್ದರೆ ಟಿಸಿಪಿಗೆ ಕಳಿಸಲು ಏನೂ ಇಲ್ಲ, ಹಾಗಾಗಿ ಅನುಮಾನಪಡಲೂ ಏನೂ ಇಲ್ಲ. ಲಿನಕ್ಸ್‌ನ ಕೀಪ್‌ಅಲೈವ್ ಪರೀಕ್ಷೆ ಶುರುವಾಗುವುದೇ 7200 ಸೆಕೆಂಡು, ಅಂದರೆ ಎರಡು ಗಂಟೆ ಮೌನವಾಗಿ ಕಳೆದ ಮೇಲೆ. ಫೋನಿನಲ್ಲಿ ಆಚೆಯವರು ಮಾತು ನಿಲ್ಲಿಸಿದ್ದಾರೋ, ಲೈನೇ ಸತ್ತಿದೆಯೋ ಎಂದು ತಿಳಿಯದೆ ಹಲೋ ಅನ್ನುತ್ತ ಕೂತವರ ಸ್ಥಿತಿ `ssh`ನದು.

ಸರ್ವರ್ ಕೆಟ್ಟು ರೀಬೂಟ್ ಆಗಿದ್ದರೆ ಮಾತ್ರ ಕಥೆ ಬೇರೆ. ಆಗ ಒಂದು ಕೀಲಿ ಒತ್ತಿದರೆ ಸಾಕು, ಈ ಸಂಪರ್ಕದ ನೆನಪೇ ಇಲ್ಲದ ಸರ್ವರ್ ಅದನ್ನು ತಿರಸ್ಕರಿಸುತ್ತದೆ. `Connection reset by peer` ಅಥವಾ `Broken pipe` ಎಂಬ ಸಾಲಿನೊಂದಿಗೆ `ssh` ತಾನಾಗಿಯೇ ಹೊರಬರುತ್ತದೆ. ಕಾಡುವುದು ಉತ್ತರವೇ ಬಾರದ ಸಂಪರ್ಕ ಮಾತ್ರ.

ಟಿಲ್ಡೆ ಈ ಬಲೆಯಿಂದ ತಪ್ಪಿಸಿಕೊಳ್ಳುವುದು ದಾರಿಗೇ ಇಳಿಯದೆ. ಕೀಲಿಮಣೆಯಿಂದ ಬಂದ ಪ್ರತಿ ಬೈಟ್ ಅನ್ನೂ ಕಳಿಸುವ ಮುನ್ನ `ssh` ಒಮ್ಮೆ ಪರಿಶೀಲಿಸುತ್ತದೆ. ಅದು ನೆನಪಿಡುವುದು ಎರಡೇ ಸಂಗತಿ: ಹಿಂದಿನ ಬೈಟ್ ಎಂಟರ್ ಆಗಿತ್ತೇ, ಟಿಲ್ಡೆಯೊಂದನ್ನು ತಡೆದಿಟ್ಟುಕೊಂಡಿದ್ದೇನೆಯೇ. ಎಂಟರ್ ಆದ ಮೇಲೆ ಟಿಲ್ಡೆ ಬಂದರೆ ಅದನ್ನು ಸರ್ವರ್‌ಗೆ ಕಳಿಸದೆ ಹಿಡಿದಿಟ್ಟುಕೊಳ್ಳುತ್ತದೆ, ಮುಂದಿನ ಕೀಲಿಗೆ ಕಾಯುತ್ತದೆ. ಮುಂದೆ ಚುಕ್ಕಿ ಬಂದರೆ ಸಂಪರ್ಕ ಮುಗಿಸುತ್ತದೆ. ಅರ್ಥವಿಲ್ಲದ ಅಕ್ಷರ ಬಂದರೆ ಹಿಡಿದಿಟ್ಟ ಟಿಲ್ಡೆಯನ್ನೂ ಈ ಅಕ್ಷರವನ್ನೂ ಒಟ್ಟಿಗೆ ಕಳಿಸಿಬಿಡುತ್ತದೆ. ಇನ್ನೊಂದು ಟಿಲ್ಡೆಯೇ ಬಂದರೆ ಒಂದನ್ನು ಮಾತ್ರ ಕಳಿಸುತ್ತದೆ. ಚೆನ್ನಾಗಿರುವ ಸೆಷನ್‌ನಲ್ಲೂ ಇದನ್ನು ಕಣ್ಣಾರೆ ನೋಡಬಹುದು. ಖಾಲಿ ಪ್ರಾಂಪ್ಟ್‌ನಲ್ಲಿ `~/bin` ಎಂದು ಟೈಪ್ ಮಾಡಿದರೆ ಟಿಲ್ಡೆ ಒತ್ತಿದಾಗ ಪರದೆಯಲ್ಲಿ ಏನೂ ಮೂಡುವುದಿಲ್ಲ. ಅಡ್ಡಗೆರೆ ಒತ್ತಿದ ಮೇಲೆ ಎರಡೂ ಒಟ್ಟಿಗೆ ಕಾಣಿಸಿಕೊಳ್ಳುತ್ತವೆ. ಕೀಲಿಮಣೆ ಕೆಟ್ಟಿದೆ ಎಂದುಕೊಂಡವರೂ ಇದ್ದಾರೆ.

ಎಂಟರ್‌ನ ಷರತ್ತು ಇಟ್ಟಿರುವುದು ಟಿಲ್ಡೆಯ ಉಳಿದ ಬಳಕೆಗೆ ಅಡ್ಡಿಯಾಗದಿರಲೆಂದು. ಕಮಾಂಡ್‌ನ ನಡುವೆ ಟಿಲ್ಡೆ ಬರುವುದು ಸಾಮಾನ್ಯ. ಸಾಲಿನ ಆರಂಭದಲ್ಲೇ ಟಿಲ್ಡೆ, ಅದರ ಬೆನ್ನಿಗೇ ಚುಕ್ಕಿ ಬರುವುದು ತೀರಾ ಅಪರೂಪ. ಈ ಉಪಾಯ ಎಸ್‌ಎಸ್‌ಎಚ್‌ನ ಸ್ವಂತದ್ದಲ್ಲ. 1979ರ ಏಳನೇ ಆವೃತ್ತಿಯ ಯುನಿಕ್ಸ್‌ನಲ್ಲಿ ಮೋಡೆಮ್ ಮೂಲಕ ಇನ್ನೊಂದು ಯಂತ್ರಕ್ಕೆ ಕರೆ ಮಾಡುವ `cu` ಎಂಬ ಪ್ರೋಗ್ರಾಂ ಇತ್ತು. ಅದರಲ್ಲೂ ಸಾಲಿನ ಮೊದಲ ಟಿಲ್ಡೆ ಮತ್ತು ಚುಕ್ಕಿ ಕರೆಯನ್ನು ಮುಗಿಸುತ್ತಿದ್ದವು. ಬರ್ಕ್ಲಿ ಯುನಿಕ್ಸ್‌ನ `rlogin` ಅದನ್ನೇ ಉಳಿಸಿಕೊಂಡಿತು. ಫಿನ್‌ಲೆಂಡ್‌ನ ಟಾಟು ಯ್ಲೊನೆನ್ 1995ರಲ್ಲಿ `rlogin` ಮತ್ತು ಟೆಲ್ನೆಟ್‌ಗಳ ಜಾಗಕ್ಕೆಂದು ಎಸ್‌ಎಸ್‌ಎಚ್ ಬರೆದಾಗ, ಹಳೆಯ ಬಳಕೆದಾರರ ಬೆರಳಿಗೆ ರೂಢಿಯಾಗಿದ್ದ ಈ ಕೀಲಿಗಳೂ ಜೊತೆಗೇ ಬಂದವು.

ಬಳಸುವಾಗ ಹೆಚ್ಚಿನವರು ಎಡವುವುದು ಸಾಲಿನ ಆರಂಭ ಎಂಬ ಮಾತಿನಲ್ಲಿ. ಪರದೆಯಲ್ಲಿ ಕರ್ಸರ್ ಎಲ್ಲಿದೆ ಎಂಬುದು `ssh`ಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಅದಕ್ಕೆ ಗೊತ್ತಿರುವುದು ಹಿಂದಿನ ಬೈಟ್ ಮಾತ್ರ. `ls` ಎಂದು ಒತ್ತಿ, ಬ್ಯಾಕ್‌ಸ್ಪೇಸ್‌ನಿಂದ ಎರಡನ್ನೂ ಅಳಿಸಿದರೆ ನೋಡುವವರಿಗೆ ಸಾಲು ಖಾಲಿ, ಆದರೆ `ssh`ನ ಪಾಲಿಗೆ ಹಿಂದಿನ ಬೈಟ್ ಬ್ಯಾಕ್‌ಸ್ಪೇಸ್. ಆಗ ಟಿಲ್ಡೆ ಮಾಮೂಲಿ ಅಕ್ಷರವಾಗಿ ಹೊರಟುಹೋಗುತ್ತದೆ. ನಿಂತುಹೋದ ಸೆಷನ್‌ನಲ್ಲಿ ಗಾಬರಿಯಿಂದ ಏನೇನೋ ಒತ್ತಿರುವವರು ಮೊದಲು ಎಂಟರ್ ಒತ್ತಲೇಬೇಕಾದ್ದು ಇದಕ್ಕೇ. ಲಾಗಿನ್ ಆದ ತಕ್ಷಣ ಮಾತ್ರ ಎಂಟರ್ ಇಲ್ಲದೆಯೂ ನಡೆಯುತ್ತದೆ, ಏಕೆಂದರೆ ಸೆಷನ್ ಶುರುವಾಗುವಾಗ `ssh` ಹಿಂದೆ ಎಂಟರ್ ಬಂದಿದೆ ಎಂದೇ ಭಾವಿಸಿರುತ್ತದೆ.

ಕೀಲಿಮಣೆಯ ವಿನ್ಯಾಸವೂ ತೊಂದರೆ ಕೊಡಬಹುದು. ನಮ್ಮಲ್ಲಿ ಮಾರಾಟವಾಗುವ ಕೀಲಿಮಣೆಗಳಲ್ಲಿ ಟಿಲ್ಡೆ ಇರುವುದು ಅಂಕಿ 1ರ ಎಡಕ್ಕೆ, ಶಿಫ್ಟ್‌ನೊಂದಿಗೆ. ಕನ್ನಡ ವಿನ್ಯಾಸ ಆನ್ ಆಗಿದ್ದರೆ ಅದೇ ಕೀಲಿ ಬೇರೆ ಅಕ್ಷರ ಕೊಡಬಹುದು, ಹಾಗಾಗಿ ಇಂಗ್ಲಿಷ್‌ಗೆ ಬದಲಿಸಿಕೊಂಡು ಒತ್ತುವುದು ಒಳ್ಳೆಯದು. ಯುಎಸ್ ಇಂಟರ್‌ನ್ಯಾಷನಲ್‌ನಂಥ ಕೆಲವು ವಿನ್ಯಾಸಗಳಲ್ಲಿ ಟಿಲ್ಡೆ ಮುಂದಿನ ಅಕ್ಷರದ ತಲೆಯ ಮೇಲೆ ಕೂರಲು ಕಾಯುತ್ತದೆ. ಅಲ್ಲಿ ಟಿಲ್ಡೆಯ ನಂತರ ಒಮ್ಮೆ ಸ್ಪೇಸ್ ಒತ್ತಿ, ಆಮೇಲೆ ಚುಕ್ಕಿ ಒತ್ತಬೇಕು.

ಎಂಟರ್ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಇದೆ, ಇದನ್ನು ಹೇಳುವವರು ಕಡಿಮೆ. ಟಿಲ್ಡೆ ಮತ್ತು ಚುಕ್ಕಿ ಸರ್ವರ್‌ಗೆ ಹೋಗುವುದಿಲ್ಲ, ಆದರೆ ಎಂಟರ್ ಹೋಗುತ್ತದೆ. ಸೆಷನ್ ನಿಂತಾಗ ಪ್ರಾಂಪ್ಟ್‌ನಲ್ಲಿ `rm -r /srv/data` ಎಂದು ಅರ್ಧ ಟೈಪ್ ಮಾಡಿದ ಕಮಾಂಡ್ ಇದ್ದು, ಅದೇ ಗಳಿಗೆಯಲ್ಲಿ ನೆಟ್‌ವರ್ಕ್ ಮರಳಿದರೆ, ಎಂಟರ್ ಅದನ್ನು ಓಡಿಸಿಬಿಡುತ್ತದೆ. ಹಾಗಿದ್ದಾಗ ಮೊದಲು ಕಂಟ್ರೋಲ್-ಸಿ, ಆಮೇಲೆ ಎಂಟರ್ ಒತ್ತುವುದು ಕ್ಷೇಮ. ಬೈಟ್‌ಗಳು ಒತ್ತಿದ ಕ್ರಮದಲ್ಲೇ ತಲುಪುವುದರಿಂದ ಎಂಟರ್ ಬರುವ ಮೊದಲೇ ಕಂಟ್ರೋಲ್-ಸಿ ಆ ಸಾಲನ್ನು ರದ್ದುಮಾಡಿರುತ್ತದೆ.

ಕಡಿಯುವ ಮೊದಲು ಸೆಷನ್ ನಿಜಕ್ಕೂ ಸತ್ತಿದೆಯೇ ಎಂದು ನೋಡಿಕೊಳ್ಳುವುದೂ ಜಾಣತನ. ಸೇವ್ ಮಾಡಲು ಹೋಗಿ ಕಂಟ್ರೋಲ್-ಎಸ್ ಒತ್ತಿದವರಿಗೂ ಪರದೆ ಹೀಗೆಯೇ ನಿಲ್ಲುತ್ತದೆ, ಏಕೆಂದರೆ ಆ ಕೀಲಿ ಟರ್ಮಿನಲ್‌ನ ಹರಿವನ್ನು ತಡೆಯುತ್ತದೆ. ಅದನ್ನು ಬಿಡಿಸುವುದು ಕಂಟ್ರೋಲ್-ಕ್ಯು. ಅದಕ್ಕೂ ಜಗ್ಗದಿದ್ದರೆ ಎಂಟರ್, ಟಿಲ್ಡೆ, ಪ್ರಶ್ನಾರ್ಥಕ ಚಿಹ್ನೆ ಒತ್ತಬಹುದು. `Supported escape sequences:` ಎಂಬ ಶೀರ್ಷಿಕೆಯಡಿ ಲಭ್ಯವಿರುವ ಎಲ್ಲ ಟಿಲ್ಡೆ ಆದೇಶಗಳ ಪಟ್ಟಿ ಬರುತ್ತದೆ. ಅದನ್ನು ಬರೆಯುವುದು ಸ್ಥಳೀಯ `ssh`, ಸರ್ವರ್ ಅಲ್ಲ. ಪಟ್ಟಿ ಬಂದು ಉಳಿದದ್ದೆಲ್ಲ ಸ್ತಬ್ಧವಾಗಿದ್ದರೆ ತೊಂದರೆ ಇರುವುದು ದಾರಿಯಲ್ಲಿ ಅಥವಾ ಆಚೆ ತುದಿಯಲ್ಲಿ ಎಂದಾಯಿತು. ಇನ್ನೂ ಖಚಿತವಾಗಬೇಕಾದರೆ ಎಂಟರ್, ಟಿಲ್ಡೆ, ಕಂಟ್ರೋಲ್-ಝಡ್ ಒತ್ತಿ `ssh` ಅನ್ನು ತಾತ್ಕಾಲಿಕವಾಗಿ ಬದಿಗಿಡಬಹುದು. ಸ್ಥಳೀಯ ಪ್ರಾಂಪ್ಟ್ ಬಂದ ಮೇಲೆ `ping` ಮಾಡಿ ನೋಡಿ, `fg` ಎಂದರೆ ಸೆಷನ್ ಮರಳುತ್ತದೆ. ವೈ-ಫೈ ಒಂದೆರಡು ನಿಮಿಷ ಹೋಗಿ ಅದೇ ವಿಳಾಸದೊಂದಿಗೆ ಮರಳಿದ್ದರೆ ಟಿಸಿಪಿಯ ತಾಳ್ಮೆಯಿಂದಾಗಿಯೇ ಸೆಷನ್ ಬದುಕಿಕೊಂಡಿರುವುದುಂಟು. ಪಟ್ಟಿಯಲ್ಲಿರುವ ಮಿಕ್ಕ ಆದೇಶಗಳು ಪೋರ್ಟ್ ಫಾರ್ವರ್ಡಿಂಗ್‌ನಂಥ ಬೇರೆ ಕೆಲಸಗಳಿಗೆ ಸಂಬಂಧಿಸಿದವು, ಇಲ್ಲಿ ಬೇಕಾಗುವುದಿಲ್ಲ.

ಒಂದು ಸರ್ವರ್‌ಗೆ ಹೋಗಿ, ಅಲ್ಲಿಂದ ಮತ್ತೊಂದಕ್ಕೆ `ssh` ಮಾಡಿರುವಾಗ ವಿಷಯ ಸ್ವಲ್ಪ ಕುತೂಹಲಕರವಾಗುತ್ತದೆ. ಲ್ಯಾಪ್‌ಟಾಪ್‌ನಿಂದ ನಡುವಿನ ಯಂತ್ರಕ್ಕೆ ಒಂದು `ssh`, ನಡುವಿನ ಯಂತ್ರದಿಂದ ಒಳಗಿನ ಡೇಟಾಬೇಸ್ ಯಂತ್ರಕ್ಕೆ ಇನ್ನೊಂದು. `~.` ಒತ್ತಿದರೆ ಅದನ್ನು ಮೊದಲು ನೋಡುವುದು ಲ್ಯಾಪ್‌ಟಾಪ್‌ನಲ್ಲಿರುವ `ssh`, ಆದ್ದರಿಂದ ಎರಡೂ ಸಂಪರ್ಕ ಹೋಗುತ್ತವೆ. ಎರಡನೆಯದನ್ನಷ್ಟೇ ಕಡಿದು ನಡುವಿನ ಯಂತ್ರದಲ್ಲಿ ಉಳಿಯಬೇಕಾದರೆ ಎಂಟರ್ ಆದ ಮೇಲೆ ಟಿಲ್ಡೆಯನ್ನು ಎರಡು ಸಲ ಒತ್ತಿ ಚುಕ್ಕಿ ಇಡಬೇಕು:

```
~~.
```

ಲ್ಯಾಪ್‌ಟಾಪ್‌ನ `ssh` ಎರಡು ಟಿಲ್ಡೆಗಳಲ್ಲಿ ಒಂದನ್ನು ನುಂಗಿ `~.` ಎಂದಷ್ಟನ್ನು ಮುಂದಕ್ಕೆ ಬಿಡುತ್ತದೆ, ನಡುವಿನ ಯಂತ್ರದ `ssh` ಅದನ್ನು ತನಗೆ ಬಂದ ಆದೇಶವೆಂದು ಪಾಲಿಸುತ್ತದೆ. ಮೂರನೆಯದಕ್ಕೆ ಮೂರು ಟಿಲ್ಡೆ. ಆದರೆ ಇದು ನಡೆಯುವುದು ಮೊದಲ ಕೊಂಡಿ ಚೆನ್ನಾಗಿದ್ದರೆ ಮಾತ್ರ, ಏಕೆಂದರೆ ಎರಡನೆಯ ಟಿಲ್ಡೆ ನಡುವಿನ ಯಂತ್ರದ ತನಕ ಪ್ರಯಾಣಿಸಲೇಬೇಕು. `~~.` ಕೆಲಸ ಮಾಡಲಿಲ್ಲ ಎಂದರೆ ಕಡಿದಿರುವುದು ಮೊದಲ ಕೊಂಡಿಯೇ ಇರಬಹುದು, ಆಗ `~.` ಬಿಟ್ಟು ಬೇರೆ ದಾರಿಯಿಲ್ಲ. `ssh -J` ಬಳಸಿ ನಡುವಿನ ಯಂತ್ರವನ್ನು ದಾಟಿದವರಿಗೆ ಈ ಲೆಕ್ಕವೇ ಬೇಡ. ಅಲ್ಲಿ ಸೆಷನ್ ಲ್ಯಾಪ್‌ಟಾಪ್‌ನಿಂದ ನೇರವಾಗಿ ಕೊನೆಯ ಯಂತ್ರಕ್ಕಿರುತ್ತದೆ, ಒಂದೇ ಟಿಲ್ಡೆ ಸಾಕು.

ಟಿಲ್ಡೆ ಕೆಲಸ ಮಾಡದ ಸಂದರ್ಭಗಳೂ ಇವೆ. ಸೆಷನ್‌ಗೆ ಸರ್ವರ್‌ನಲ್ಲಿ ಟರ್ಮಿನಲ್ ಇದ್ದಾಗ ಮಾತ್ರ `ssh` ಟಿಲ್ಡೆಯನ್ನು ಗಮನಿಸುತ್ತದೆ. `ssh host uptime` ಎಂಬಂತೆ ಒಂದೇ ಕಮಾಂಡ್ ಓಡಿಸುವಾಗ ಟರ್ಮಿನಲ್ ಇರುವುದಿಲ್ಲ. ಆದರೆ ಅಲ್ಲಿ ರಾ ಮೋಡ್ ಕೂಡ ಇರುವುದಿಲ್ಲವಾದ್ದರಿಂದ ಕಂಟ್ರೋಲ್-ಸಿಯೇ ಸಾಕು. ಪಾಸ್‌ವರ್ಡ್ ಕೇಳುವ ಹಂತದಲ್ಲಿ, ಇನ್ನೂ ಸಂಪರ್ಕವೇ ಆಗದೆ ನಿಂತಾಗಲೂ ಹಾಗೆಯೇ. `-e none` ಎಂದು ಕೊಟ್ಟಿದ್ದರೆ, ಅಥವಾ ಕಾನ್ಫಿಗ್ ಫೈಲ್‌ನಲ್ಲಿ `EscapeChar none` ಎಂದಿದ್ದರೆ ಟಿಲ್ಡೆಗೆ ವಿಶೇಷಾರ್ಥವೇ ಇರುವುದಿಲ್ಲ. ವಿಂಡೋಸ್‌ನಲ್ಲಿ ಈಗ ಓಪನ್‌ಎಸ್‌ಎಸ್‌ಎಚ್ ಇರುವುದರಿಂದ ಅಲ್ಲಿಯೂ ಇದೇ ಕೀಲಿಗಳು ನಡೆಯುತ್ತವೆ, ಆದರೆ ಪುಟ್ಟಿಯಲ್ಲಿ ಈ ಏರ್ಪಾಡಿಲ್ಲ.

ಏನೂ ನಡೆಯದಿದ್ದರೆ ಇನ್ನೊಂದು ಕಿಟಕಿಯಿಂದ ಆ `ssh`ನ ಪ್ರೋಸೆಸ್ ಸಂಖ್ಯೆ ಹುಡುಕಿ `kill` ಮಾಡಬಹುದು. ಸಾಮಾನ್ಯ `kill` ಆದರೆ `ssh` ಟರ್ಮಿನಲ್ ಅನ್ನು ರಾ ಮೋಡ್‌ನಿಂದ ಹೊರತಂದು ಹೋಗುತ್ತದೆ. `kill -9` ಹೊಡೆದರೆ ಅದಕ್ಕೆ ಆ ಅವಕಾಶವೂ ಸಿಗುವುದಿಲ್ಲ. ಆಗ ಟೈಪ್ ಮಾಡಿದ್ದು ಕಾಣದೆ, ಸಾಲುಗಳು ಮೆಟ್ಟಿಲಿನಂತೆ ಜಾರುತ್ತ ಹೋದರೆ ಕಣ್ಣುಮುಚ್ಚಿ `stty sane` ಅಥವಾ `reset` ಎಂದು ಟೈಪ್ ಮಾಡಿದರೆ ಸರಿಹೋಗುತ್ತದೆ.

`~.` ಬಿಡಿಸುವುದು ಈಚೆ ತುದಿಯನ್ನು ಮಾತ್ರ. ದಾರಿ ಮುಚ್ಚಿದ್ದರೆ ಸಂಪರ್ಕ ಮುಗಿದ ಸುದ್ದಿಯೂ ಸರ್ವರ್‌ಗೆ ಹೋಗುವುದಿಲ್ಲ. ಅಲ್ಲಿ ಹಳೆಯ ಶೆಲ್ ಹಾಗೆಯೇ ಇರುತ್ತದೆ. ಹೊಸದಾಗಿ ಲಾಗಿನ್ ಆಗಿ `who` ಎಂದು ಕೇಳಿದರೆ ಒಂದೇ ಹೆಸರು ಎರಡು ಸಲ ಕಾಣುವುದು ಇದರಿಂದಲೇ. ಸರ್ವರ್‌ನ ಟಿಸಿಪಿಗೂ ಅನುಮಾನ ಬಂದು ಅದು ಕೈಬಿಟ್ಟಾಗ ಆ ಶೆಲ್‌ಗೆ ಹ್ಯಾಂಗಪ್ ಸಂಕೇತ ಹೋಗುತ್ತದೆ, ಅದರಡಿ ಓಡುತ್ತಿದ್ದ ಕೆಲಸವೂ ಸಾಮಾನ್ಯವಾಗಿ ನಿಲ್ಲುತ್ತದೆ. ಗಂಟೆಗಟ್ಟಲೆ ನಡೆಯುವ ಕೆಲಸವನ್ನು `tmux` ಅಥವಾ `screen` ಒಳಗೆ ಶುರುಮಾಡಿದ್ದರೆ ಮಾತ್ರ ಅದು ಉಳಿದುಕೊಳ್ಳುತ್ತದೆ, ಮತ್ತೆ ಲಾಗಿನ್ ಆಗಿ ಸೇರಿಕೊಳ್ಳಬಹುದು.

ಪದೇ ಪದೇ ಹೀಗಾಗುತ್ತಿದ್ದರೆ `ssh` ತಾನಾಗಿಯೇ ಸಾವನ್ನು ಗುರುತಿಸುವಂತೆ ಮಾಡಬಹುದು. `~/.ssh/config` ಫೈಲ್‌ನಲ್ಲಿ ಸೇರಿಸಬೇಕಾದ್ದು ಇಷ್ಟು:

```
Host *
    ServerAliveInterval 15
    ServerAliveCountMax 3
```

ಸರ್ವರ್‌ನಿಂದ 15 ಸೆಕೆಂಡು ಏನೂ ಬಾರದಿದ್ದರೆ `ssh` ಗೂಢಲಿಪಿಯ ಒಳಗಿನಿಂದಲೇ ಒಂದು ಸಣ್ಣ ಪ್ರಶ್ನೆ ಕಳಿಸುತ್ತದೆ. ಮೂರಕ್ಕೂ ಉತ್ತರ ಸಿಗದಿದ್ದರೆ, ಸುಮಾರು 45 ಸೆಕೆಂಡಿನ ಮೇಲೆ `Timeout, server 203.0.113.10 not responding.` ಎಂದು ಹೇಳಿ ಹೊರಬರುತ್ತದೆ. ಈ ಪ್ರಶ್ನೋತ್ತರ ನಡೆಯುತ್ತಿರುವ ತನಕ ರೂಟರ್ ತನ್ನ ಪಟ್ಟಿಯಿಂದ ಸಂಪರ್ಕವನ್ನು ಅಳಿಸುವುದೂ ಇಲ್ಲ, ಹಾಗಾಗಿ ಊಟಕ್ಕೆ ಎದ್ದುಹೋದಾಗಿನ ಹ್ಯಾಂಗ್ ಬಹುಮಟ್ಟಿಗೆ ತಪ್ಪುತ್ತದೆ. ಆದರೆ ಒಂದು ನಿಮಿಷದ ನೆಟ್‌ವರ್ಕ್ ಅಡಚಣೆಯನ್ನು ಟಿಸಿಪಿ ಸಹಿಸಿಕೊಳ್ಳುತ್ತಿತ್ತು, ಈ ವ್ಯವಸ್ಥೆ ಸಹಿಸುವುದಿಲ್ಲ. ಆಗಾಗ ಕಡಿಯುವ ಮೊಬೈಲ್ ಡೇಟಾದಲ್ಲಿ ಕೆಲಸ ಮಾಡುವವರು 15ರ ಬದಲು 60 ಇಟ್ಟುಕೊಂಡು, ಉಳಿದದ್ದನ್ನು `~.`ಗೆ ಬಿಡುವುದು ಮೇಲು.